ಬ್ಯಾರಲ್‌ನಾಗ ಕೋಟಿ ಜೀವಾಣು ಇದ್ದರ ತೊಗರಿ ನೆಟೆ ನಿಲ್ಲತದೇನು?

ನಿನ್ನೆ ಆಳಂದ ಕಡೆಯ ಒಂದು ಹಳ್ಳಿಯಲ್ಲಿ ನೈಸರ್ಗಿಕ ಕೃಷಿ ತರಬೇತಿಗೆ ಹೋಗಿದ್ದೆ. ಬಂದಾಗಿನಿಂದ ತಲೆ ಕಾದಿದೆ. ವೇದಿಕೆ ಮೇಲಿದ್ದವರು ಜೀವಾಮೃತದ ಲ್ಯಾಬ್ ವರದಿಯೊಂದನ್ನು ಎತ್ತಿ ಹಿಡಿದು, "ಒಂದು ಮಿಲಿಲೀಟರ್‌ನಾಗ ಕೋಟಿಗಟ್ಟಲೆ ಜೀವಾಣು ಅವ. ಇನ್ನ ನಿಮ್ಮ ತೊಗರಿಗಿ ನೆಟೆ ರೋಗ ಬರಂಗಿಲ್ಲ" ಅಂದರು. ನೆಟೆ ಅಂದರೆ ನಿಂತ ಗಿಡವೇ ಬಾಡಿ ಸಾಯುವ ರೋಗ. ಮುಂದೆ ಕೂತಿದ್ದ ಕಾಕಾ ಒಬ್ಬರು ಎದ್ದು, "ಹಂಗಾದ್ರ ಬೀಜಕ್ಕ ಟ್ರೈಕೋಡರ್ಮಾ ಹಚ್ಚೋದು ಬಿಡ್ಲೇನ್ರೀ?" ಎಂದು ಕೇಳಿದರು. ಟ್ರೈಕೋಡರ್ಮಾ ಅಂದರೆ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ. "ಬಿಡ್ರಿ" ಅಂತ ಉತ್ತರ ಬಂತು. ನನಗೆ ಸಿಟ್ಟು ಬಂದಿದ್ದು ಆ ಒಂದು ಮಾತಿಗೆ.

ಜೀವಾಮೃತದ ಮೇಲೆ ನನಗೇನೂ ದ್ವೇಷವಿಲ್ಲ. ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಹೇಳುವ ಅಳತೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ: 200 ಲೀಟರ್ ನೀರು, 10 ಕಿಲೋ ಸೆಗಣಿ, 5ರಿಂದ 10 ಲೀಟರ್ ಗೋಮೂತ್ರ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ಕಲಕುತ್ತಾ ಬಂದರೆ ಎರಡು ದಿನಕ್ಕೆ ನೊರೆ ಬಂದು ಹುಳಿ ವಾಸನೆ ಏಳುತ್ತದೆ. ಒಳಗೆ ಜೀವಾಣು ಬೆಳೆದಿವೆ ಎಂಬುದರಲ್ಲಿ ಅನುಮಾನವೇ ಇಲ್ಲ.

ಆದರೆ ಆ ವರದಿ ಹೇಳುವುದು ಅಷ್ಟೇ. ಲ್ಯಾಬಿನಲ್ಲಿ ನಾವು ದ್ರಾವಣವನ್ನು ಹತ್ತು ಪಟ್ಟು, ಮತ್ತೆ ಹತ್ತು ಪಟ್ಟು ತೆಳು ಮಾಡುತ್ತಾ ಹೋಗಿ ಪೆಟ್ರಿ ತಟ್ಟೆಯಲ್ಲಿ ಆಹಾರ ಬೆರೆಸಿ ಗಟ್ಟಿ ಮಾಡಿದ ಅಗರ್ ಮೇಲೆ ಹರಡುತ್ತೇವೆ, ಎದ್ದ ಚುಕ್ಕೆಗಳನ್ನು ಎಣಿಸುತ್ತೇವೆ. ಆ ಅಗರ್‌ನ ಆಹಾರ ಯಾರಿಗೆ ಒಗ್ಗುತ್ತದೋ ಅವರಷ್ಟೇ ಲೆಕ್ಕಕ್ಕೆ ಸಿಗುತ್ತಾರೆ. ಒಂದು ಬಿಳಿ ಚುಕ್ಕೆ ರಂಜಕ ಕರಗಿಸುವ ಬ್ಯಾಕ್ಟೀರಿಯಾದ್ದೋ, ಹಸುವಿನ ಕರುಳಿನಿಂದ ಬಂದ ಈ. ಕೋಲಿಯದ್ದೋ ಎಂದು ಎಣಿಕೆ ಹೇಳುವುದಿಲ್ಲ. ಇನ್ನೊಂದು ಮಾತು: ಬ್ಯಾರಲ್‌ನಲ್ಲಿ ಗೆಲ್ಲುವುದು ಬೆಲ್ಲ-ಹಿಟ್ಟನ್ನು ಬೇಗ ತಿಂದು ಬೇಗ ಹೆಚ್ಚುವ ಜಾತಿಗಳು. ಎರಿ ಹೊಲದ ಒಣ ಮಣ್ಣಿನಲ್ಲಿ, ತೊಗರಿ ಬೇರಿನ ಪಕ್ಕದಲ್ಲಿ, ಅವೇ ಉಳಿದುಕೊಳ್ಳುತ್ತವೆ ಎನ್ನಲು ಆ ಕಾಗದದಲ್ಲಿ ಏನೂ ಇಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣೇ ಸುಮಾರು 8 ಲಕ್ಷ ಕಿಲೋ ತೂಗುತ್ತದೆ, ಅದರ ಒಂದೊಂದು ಗ್ರಾಮಿನಲ್ಲೂ ಆಗಲೇ ಕೋಟಿಗಟ್ಟಲೆ ಜೀವಾಣುಗಳಿವೆ. ನಾವು ಸುರಿಯುವುದು 200 ಲೀಟರ್. ಒಂದು ಗ್ರಾಂ ಮಣ್ಣಿನಲ್ಲಿರುವಷ್ಟೇ ಜೀವಾಣು ಒಂದು ಮಿಲಿಲೀಟರ್ ಜೀವಾಮೃತದಲ್ಲಿವೆ ಎಂದುಕೊಂಡರೂ, ಹೊಲದಲ್ಲಿರುವ 4,000ಕ್ಕೆ ಹೊಸದಾಗಿ ಒಂದು ಸೇರಿದಂತಾಯಿತು. ಆ ಒಂದು ಏನೂ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಅದು ಏನು ಮಾಡಿತು ಎಂದು ಹೊಲದಲ್ಲೇ ತೋರಿಸಬೇಕು ಅನ್ನುತ್ತಿದ್ದೇನೆ.

ನೆಟೆ ರೋಗದ ಶಿಲೀಂಧ್ರ ಫ್ಯುಸೇರಿಯಂ ಉಡಮ್ ಹಳೇ ತೊಗರಿ ಕೂಳೆಯಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಬೇರಿನಿಂದ ಹೊಕ್ಕು ನೀರು ಏರುವ ನಾಳವನ್ನೇ ಕಟ್ಟುತ್ತದೆ. ಬಾಡಿದ ಗಿಡ ಕಿತ್ತು ಕಾಂಡ ಸೀಳಿದರೆ ಒಳಗೆ ಕಂದು-ಕಪ್ಪು ಗೆರೆ ಕಾಣುತ್ತದೆ. ಹೊರಗೆ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಏರಿರುತ್ತದೆ. ಅದಿಲ್ಲದಿದ್ದರೆ ನೀರು ನಿಂತೋ ಬೇರೆ ಕೊಳೆ ರೋಗದಿಂದಲೋ ಗಿಡ ಸತ್ತಿರಬಹುದು. ಇದಕ್ಕೆ ರೋಗ ತಡೆಯುವ ತಳಿ, ಜೋಳದ ಜೊತೆ ಬೆಳೆ ಬದಲಾವಣೆ, ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಎಂದು ಹೇಳುವುದು ಹೊಲದಲ್ಲಿ ಪರೀಕ್ಷಿಸಿ ನೋಡಿದ ಮೇಲೆ. ಅದನ್ನು ಬಿಡಿ ಅನ್ನುವವರೂ ಅಂಥದೇ ಪುರಾವೆ ತರಬೇಕಲ್ಲವೇ?

"ನಮ್ಮ ಹೊಲದಾಗ ಹಾಕೀವಿ ಮೇಡಂ, ಬೆಳಿ ಹಸಿರಾಗೇದ" ಅಂತ ಹೇಳುವವರಿದ್ದಾರೆ. ಆಗಿರಲಿ, ನನಗೂ ಸಂತೋಷ. ಆದರೆ ಅದೇ ವರ್ಷ ತಿಪ್ಪೆ ಗೊಬ್ಬರವೂ ಬಿದ್ದಿದೆ, ಮಳೆಯೂ ಚೆನ್ನಾಗಿ ಆಗಿದೆ. ಪಕ್ಕದಲ್ಲಿ ಹಾಕದೆ ಬಿಟ್ಟ ಸಾಲೇ ಇಲ್ಲ. ಯಾವುದರಿಂದ ಹಸಿರಾಯಿತು ಅಂತ ಯಾರು ಹೇಳಬೇಕು?

ತಿಳಿಯಬೇಕೆಂದರೆ ದಾರಿ ಇದೆ. ನೆಟೆ ಕಂಡ ಹೊಲದಲ್ಲೇ, ಒಂದೇ ತಳಿಯಲ್ಲಿ, ಮೂರು ಬಗೆಯ ಪಟ್ಟಿ ಮಾಡಿ. ಒಂದಕ್ಕೆ ಜೀವಾಮೃತ, ಒಂದಕ್ಕೆ ಅದೇ ಜೀವಾಮೃತವನ್ನು ಚೆನ್ನಾಗಿ ಕುದಿಸಿ ಆರಿಸಿದ್ದು, ಒಂದಕ್ಕೆ ಅಷ್ಟೇ ಬರಿ ನೀರು. ಕುದಿಸಿದರೆ ಬಹುತೇಕ ಜೀವಾಣು ಸಾಯುತ್ತವೆ, ಸೆಗಣಿ-ಬೆಲ್ಲ-ಹಿಟ್ಟಿನ ಸತ್ವ ಹೆಚ್ಚುಕಡಿಮೆ ಉಳಿಯುತ್ತದೆ. ಕುದಿಸಿದ್ದೂ ಹಸಿಯದ್ದೂ ಬರಿ ನೀರಿಗಿಂತ ಒಳ್ಳೆಯ, ಒಂದೇ ಫಲ ಕೊಟ್ಟರೆ ಕೆಲಸ ಮಾಡಿದ್ದು ಆ ಸತ್ವ. ಹಸಿಯದ್ದೇ ಗೆದ್ದರೆ ಜೀವಾಣುಗಳ ಮಾತು ನಾನೇ ಮುಂದೆ ನಿಂತು ಹೇಳುತ್ತೇನೆ. ನೆಟೆ ಹೊಲದಲ್ಲಿ ಅಲ್ಲಲ್ಲಿ ಗುಂಪಾಗಿ ಬರುವುದರಿಂದ ಒಂದೊಂದು ಬಗೆಯನ್ನೂ ನಾಲ್ಕೈದು ಕಡೆ ಚೀಟಿ ಎತ್ತಿ ಹಂಚಬೇಕು. ಹೂ ಬಿಡುವಾಗ, ಕಾಯಿ ಕಟ್ಟುವಾಗ ಬಾಡಿದ ಗಿಡಗಳನ್ನು ಸೀಳಿ, ಗೆರೆ ಇದ್ದವನ್ನಷ್ಟೇ ಎಣಿಸಬೇಕು.

ಮಧ್ಯಾಹ್ನ ಊಟಕ್ಕೆ ಕೂತಾಗ ಆ ಕಾಕಾಗೆ ಹೇಳಿದೆ: "ಜೀವಾಮೃತ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಟ್ರೈಕೋಡರ್ಮಾ ಮಾತ್ರ ಬಿಡಬ್ಯಾಡ್ರಿ. ಹಂಗೇ ಕೊತ್ತಂಬ್ರಿ, ಮೆಂತ್ಯ ಅಂತ ಹಸೀದು ತಿನ್ನೋ ಸೊಪ್ಪಿನ ಮ್ಯಾಲ ಇದನ್ನ ಹೊಡಿಬ್ಯಾಡ್ರಿ, ಸೆಗಣಿ ಜೀವಾಣು ನೇರ ತಾಟಿಗಿ ಬರ್ತಾವ." ಅವರು ಹೊಲದ ಮೂಲೆಯಲ್ಲಿ ಪಟ್ಟಿ ಹಾಕಲು ಒಪ್ಪಿದ್ದಾರೆ. ಬಿತ್ತನೆಗೆ ಮುಂಚೆ ಹೋಗಿ ಗೂಟ ಹೊಡೆದು ಬರುತ್ತೇನೆ. ಆಳಂದ, ಅಫಜಲಪುರ, ಚಿಂಚೋಳಿ ಕಡೆಯವರು ಯಾರಾದರೂ ನಿಮ್ಮ ಹೊಲದಲ್ಲೂ ಮಾಡುವುದಾದರೆ ತಿಳಿಸಿ, ಅಲ್ಲಿಗೂ ಬರುತ್ತೇನೆ.