ಸ್ಪಷ್ಟನೆ: 4ನೇ ಬಿಂದು ದ್ರವರೇಖೆಯ ಮೇಲಿಲ್ಲ

ಶೈತ್ಯೀಕರಣ ಚಕ್ರದ ಒತ್ತಡ-ಎಂಥಾಲ್ಪಿ ನಕ್ಷೆ ಬಿಡಿಸುವ ಬಗ್ಗೆ ಫಾರ್ವರ್ಡ್ ಆಗುತ್ತಿರುವ ಒಂದು ಚಿತ್ರದಲ್ಲಿ ಹೀಗಿದೆ:

"ಎಕ್ಸ್‌ಪ್ಯಾನ್ಶನ್ ವಾಲ್ವ್ ದಾಟಿದ ಮೇಲೂ ದ್ರವವೇ ಇರುತ್ತದೆ, 4ನೇ ಬಿಂದುವನ್ನು ದ್ರವರೇಖೆಯ ಮೇಲೆ ಗುರುತಿಸಿ."

ಇದು ತಪ್ಪು. ವಾಲ್ವ್‌ನಲ್ಲಿ ಒತ್ತಡ ಇಳಿದರೂ ಎಂಥಾಲ್ಪಿ ಬದಲಾಗುವುದಿಲ್ಲ. ಹಾಗಾಗಿ ವಾಲ್ವ್‌ಗೆ ಮುಂಚಿನ ಬಿಂದು 3ರಿಂದ ನೇರ ಕೆಳಗೆ ಗೆರೆ ಎಳೆಯಬೇಕು.

R134a ಶೈತ್ಯಕವನ್ನೇ ತಗೊಳ್ಳಿ: ಆವಿಯಾಗುವುದು -10°C, ಸಾಂದ್ರೀಕರಣ 40°C, ನಿರಪೇಕ್ಷ ಒತ್ತಡ ಸುಮಾರು 2 ಮತ್ತು 10.2 ಬಾರ್. (ಗೇಜ್ ಓದಿದ್ದರೆ 1 ಬಾರ್ ಕೂಡಿಸಿ.) ಬಿಂದು 1 ಕೆಳಗಿನ ಒತ್ತಡದ ಆವಿರೇಖೆಯ ಮೇಲೆ, ಎಂಥಾಲ್ಪಿ 393 ಕಿಲೋಜೌಲ್/ಕೆಜಿ. ಅಲ್ಲಿಂದ ಸಮ ಎಂಟ್ರೊಪಿ ಗೆರೆ ಹಿಡಿದು ಮೇಲಿನ ಒತ್ತಡ ಮುಟ್ಟಿದರೆ 2. ಅದೇ ಮಟ್ಟದಲ್ಲಿ ಎಡಕ್ಕೆ, ದ್ರವರೇಖೆಯಲ್ಲಿ 3: 256 ಕಿಲೋಜೌಲ್/ಕೆಜಿ.

4ರದ್ದೂ 256. ಆದರೆ -10°C ದ್ರವದ್ದು ಬರೀ 187. ಹಾಗಾಗಿ ಬಿಂದು ದ್ರವರೇಖೆ, ಆವಿರೇಖೆಗಳ ನಡುವಿನ ಗುಮ್ಮಟದೊಳಗೇ ಬೀಳುತ್ತದೆ, ಸುಮಾರು 34% ಆಗಲೇ ಆವಿ. ಪ್ರತಿ ಕೆಜಿಗೆ ಸಿಗುವ ತಂಪು 393−256=137 ಕಿಲೋಜೌಲ್. 4ನ್ನು ದ್ರವರೇಖೆಯಲ್ಲಿಟ್ಟರೆ 393−187=206 ಬರುತ್ತದೆ, ಅರ್ಧದಷ್ಟು ಹೆಚ್ಚು!

ಆ ಚಿತ್ರವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.