ಹೆಸರು ಒಂದೇ, ವ್ಯಾಟು ಬೇರೆ

ಮೇ ತಿಂಗಳ ಒಂದು ಭಾನುವಾರ ಕಾತ್ರಜ್‌ನಲ್ಲಿರುವ ಅಕ್ಕನ ಮಗನ ರೂಮಿಗೆ ಹೋಗಿದ್ದೆ. ಹುಬ್ಬಳ್ಳಿ ಹುಡುಗ, ಪುಣೆಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಕೊನೆಯ ಮಹಡಿ, ಮಧ್ಯಾಹ್ನ ಮೂರು ಗಂಟೆ, ಫ್ಯಾನ್ ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು. ಒಂದು ಮೇಜಿನ ಮೇಲೆ ಇವನ ಗೇಮಿಂಗ್ ಲ್ಯಾಪ್‌ಟಾಪ್, ಪಕ್ಕದ ಮೇಜಿನ ಮೇಲೆ ಗೆಳೆಯನ ಡೆಸ್ಕ್‌ಟಾಪ್.

"ಮಾಮಾ, ನಂದರಾಗೂ 4060 ಗ್ರಾಫಿಕ್ಸ್, ಅವಂದರಾಗೂ 4060. ನಂದ್ಯಾಕ ಇಪ್ಪತ್ತ ನಿಮಿಷಕ್ಕ ಮಕಾಡಿ ಮಲಗತೈತಿ?"

ಗೇಮ್ ಓಡುತ್ತಿರುವಾಗಲೇ ಎರಡರಲ್ಲೂ ಈ ಕಮಾಂಡ್ ಹಾಕಿಸಿದೆ:

```
nvidia-smi -l 5
```

ಐದು ಸೆಕೆಂಡಿಗೊಮ್ಮೆ ಗ್ರಾಫಿಕ್ಸ್ ಚಿಪ್ಪಿನ ಶಾಖ ಎಷ್ಟು, ಎಷ್ಟು ವ್ಯಾಟ್ ಎಳೆಯುತ್ತಿದೆ, ಗರಿಷ್ಠ ಎಷ್ಟು ಎಳೆಯಬಹುದು ಎಂದು ಅದು ತೋರಿಸುತ್ತದೆ. ಡೆಸ್ಕ್‌ಟಾಪ್‌ನ ಮಿತಿ 115 ವ್ಯಾಟ್, ಶಾಖ 72 ಡಿಗ್ರಿ. ಇವನ ತೆಳ್ಳಗಿನ ಲ್ಯಾಪ್‌ಟಾಪ್‌ನ ಮಿತಿಯೇ 75 ವ್ಯಾಟ್. ಆಟ ಶುರುವಾದಾಗ ಅಷ್ಟನ್ನೂ ಎಳೆಯುತ್ತಿತ್ತು. ಶಾಖ 86 ಡಿಗ್ರಿ ಮುಟ್ಟಿದ ಮೇಲೆ 58 ವ್ಯಾಟ್‌ಗೆ ಇಳಿದು ಅಲ್ಲೇ ಕೂತಿತು.

ಅಂಗಡಿಯವರು ಹೇಳದ ಸಂಗತಿ ಇದೇ. ಆರ್‌ಟಿಎಕ್ಸ್ 4060 ಎಂಬ ಹೆಸರಿನಡಿ ಲ್ಯಾಪ್‌ಟಾಪ್‌ಗಳಲ್ಲಿ 35 ವ್ಯಾಟ್‌ನಿಂದ 115ರವರೆಗೆ ಯಾವುದನ್ನೂ ಕೂರಿಸಬಹುದು. ಎಷ್ಟು ಅನ್ನೋದನ್ನು ತಯಾರಕರೇ ತೀರ್ಮಾನಿಸುತ್ತಾರೆ. ಡಬ್ಬದ ಮೇಲಿನ ಸ್ಟಿಕ್ಕರ್ ಮಾತ್ರ ಎಲ್ಲದಕ್ಕೂ ಒಂದೇ.

ಅದರ ಮೇಲೆ ಸೆಖೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡರ ಬಿಸಿಯನ್ನೂ ಅವೇ ತಾಮ್ರದ ಕೊಳವೆಗಳು ಹೊರಬೇಕು. ಒಂದು ಕಾದರೆ ಇನ್ನೊಂದೂ ಕಾಯುತ್ತದೆ. ಗಾಳಿ ಎಳೆಯುವುದು ಕೆಳಗಿನಿಂದ, ನಮ್ಮ ಹುಡುಗ ಅದನ್ನು ಎಷ್ಟೋ ಸಲ ಇಟ್ಟುಕೊಳ್ಳುವುದು ಹಾಸಿಗೆಯ ಮೇಲೆ! ರೂಮು 28ರಿಂದ 38 ಡಿಗ್ರಿಗೆ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡೆಸ್ಕ್‌ಟಾಪ್‌ಗೆ ಆ ಹತ್ತು ಡಿಗ್ರಿ ತಾಳಿಕೊಳ್ಳುವಷ್ಟು ಜಾಗವಿದೆ. ಲ್ಯಾಪ್‌ಟಾಪ್ ಮೊದಲೇ ಅಂಚಿನಲ್ಲಿ ನಿಂತಿರುತ್ತದೆ, ವೇಗ ಇಳಿಸದೆ ಅದಕ್ಕೆ ಬೇರೆ ದಾರಿಯಿಲ್ಲ.

ಹಾಗಾದರೆ ಡೆಸ್ಕ್‌ಟಾಪ್ ಅಗ್ಗವೂ ಹೌದಾ? ಇಲ್ಲಿ ಬಹಳ ಜನ ತಪ್ಪು ಲೆಕ್ಕ ಹಾಕುತ್ತಾರೆ. ಗೆಳೆಯ ಪುಣೆಯ ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಅರ್ಧ ಸಾಮಾನು, ಮುಂಬೈಗೆ ಹೋದಾಗ ಲ್ಯಾಮಿಂಗ್ಟನ್ ರೋಡಿನಲ್ಲಿ ಉಳಿದರ್ಧ ತಗೊಂಡು 66,000ಕ್ಕೆ ಪೆಟ್ಟಿಗೆ ಜೋಡಿಸಿದ್ದ. ಮಾನಿಟರ್ 9,500, ಕೀಬೋರ್ಡು-ಮೌಸು-ಹೆಡ್‌ಫೋನು 3,000, ಯುಪಿಎಸ್ 5,000. ಅಲ್ಲಿಗೆ 83,500. ಕಾಲೇಜಿಗೆ ಒಯ್ಯಲು ಏನಾದರೂ ಬೇಕಲ್ಲ, ಹಳೆಯ ಆಫೀಸ್ ಲ್ಯಾಪ್‌ಟಾಪ್ ಒಂದು 16,000. ಒಟ್ಟು 99,500. ನಮ್ಮವನ ಲ್ಯಾಪ್‌ಟಾಪ್ ಆಗ 92,000. ಮೇಲಾಗಿ ಆಡುವಾಗ ಡೆಸ್ಕ್‌ಟಾಪ್ ಸುಮಾರು ಎರಡರಷ್ಟು ಕರೆಂಟ್ ತಿನ್ನುತ್ತದೆ. ಸಬ್‌ಮೀಟರ್ ಇಟ್ಟಿರುವ ಮಾಲೀಕರಿಗೆ ಅದು ತಕ್ಷಣ ಗೊತ್ತಾಗುತ್ತದೆ ಕೂಡ.

ಡೆಸ್ಕ್‌ಟಾಪ್ ತನ್ನ ದುಡ್ಡು ಹಿಂದಿರುಗಿಸುವುದು ಮೂರನೇ ವರ್ಷದಿಂದ. ಗ್ರಾಫಿಕ್ಸ್ ಕಾರ್ಡ್ ಸಾಲದಾದರೆ ಅದೊಂದನ್ನೇ ಮಾರಿ ಇನ್ನೊಂದು ಹಾಕಬಹುದು. ಎಎಂಡಿ ಪ್ರೊಸೆಸರ್ ಕೂರುವ ಎಎಂ4 ಮದರ್‌ಬೋರ್ಡ್‌ಗಳನ್ನೇ ನೋಡಿ: 2017ರಲ್ಲಿ ಕೊಂಡ ಎಷ್ಟೋ ಬೋರ್ಡ್‌ಗಳು ಬಯೋಸ್ ಅಪ್‌ಡೇಟ್ ಮಾಡಿದರೆ 2022ರ ಪ್ರೊಸೆಸರ್ ಒಪ್ಪಿಕೊಂಡವು. ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ರ‍್ಯಾಮ್, ಎಸ್‌ಎಸ್‌ಡಿ ಎರಡೇ ಬದಲಾಗುವುದು. ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಬೋರ್ಡಿಗೆ ಬೆಸೆದಿರುತ್ತವೆ. ವಾರಂಟಿ ಮುಗಿದ ಮೇಲೆ ಗ್ರಾಫಿಕ್ಸ್ ಚಿಪ್ ಕೈಕೊಟ್ಟರೆ ಬೋರ್ಡನ್ನೇ ಬದಲಿಸಬೇಕು, ಆ ಬಿಲ್ ನೋಡಿದರೆ ಹೊಸದೇ ವಾಸಿ ಅನಿಸುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: ನಾಲ್ಕು ವರ್ಷ ಒಂದೇ ರೂಮಿನಲ್ಲಿ ಇರುವ ಹುಡುಗನಿಗೆ ಡೆಸ್ಕ್‌ಟಾಪ್, ಜೊತೆಗೊಂದು ಹಳೆಯ ಲ್ಯಾಪ್‌ಟಾಪ್. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದೊಡನೆ ಮನೆ ಬದಲಿಸುವವನಿಗೆ, ರಜೆಗೆ ಊರಿಗೆ ಒಯ್ಯಲೇಬೇಕಾದವನಿಗೆ ಲ್ಯಾಪ್‌ಟಾಪೇ ಸರಿ. ಆದರೆ ಎಷ್ಟು ವ್ಯಾಟ್ ಎಂದು ಬರವಣಿಗೆಯಲ್ಲಿ ನೋಡದೆ ದುಡ್ಡು ಕೊಡಬಾರದು. ಸ್ವಲ್ಪ ದಪ್ಪಗಿರುವುದನ್ನೇ ಆರಿಸಿ, ತೆಳ್ಳಗಿನದು ಶೋಕಿಗೆ.

ನಮ್ಮವನದು ಆಗಿಹೋದ ಖರೀದಿ. ಹಿಂಬದಿಯ ಎರಡು ಮೂಲೆಗೆ ಬಾಟಲಿ ಮುಚ್ಚಳ ಕೊಟ್ಟು ಎತ್ತಿಸಿದೆ, ಫ್ಯಾನಿನ ಧೂಳು ತೆಗೆಸಿದೆ, ಗೇಮಿನಲ್ಲಿ ಫ್ರೇಮ್ ಮಿತಿ 60ಕ್ಕೆ ಕಟ್ಟಿಸಿದೆ. ಶಾಖ 79ಕ್ಕೆ ಬಂತು, ಮಧ್ಯದಲ್ಲಿ ಮುಗ್ಗರಿಸುವುದು ನಿಂತಿತು.

ರಾತ್ರಿ ಅಕ್ಕನ ಫೋನ್. "ಏನೋ, ಕಂಪ್ಯೂಟರ್‌ಗೂ ಕೂಲರ್ ಬೇಕಂತಾನಲ್ಲೋ?" ಅವನು ಕೇಳಿದ್ದು ಲ್ಯಾಪ್‌ಟಾಪ್ ಕೆಳಗಿಡುವ ಕೂಲಿಂಗ್ ಪ್ಯಾಡ್. ನಾನಂದೆ, "ಅದು ಬ್ಯಾಡಕ್ಕ, ರೂಮಿಗೇ ಒಂದು ಕೂಲರ್ ಕೊಡಸು. ಇಬ್ಬರಿಗೂ ಆಗತೈತಿ."