ಶಿಕ್ಷೆಯಿಂದ ಸಿರಿಂಜ್ ಬದಲಾಗುವುದಿಲ್ಲ

“ತಪ್ಪು ಔಷಧ ಕೊಟ್ಟವರನ್ನು ಶಿಕ್ಷಿಸದಿದ್ದರೆ ಭಯ ಹೇಗೆ ಬರುತ್ತದೆ?” ಎಂದು ಕೇಳುವವರಿದ್ದಾರೆ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 2001ರಲ್ಲಿ ನಡೆದದ್ದನ್ನು ನೋಡಿ. ರಕ್ತನಾಳಕ್ಕೆ ಮಾತ್ರ ಕೊಡಬೇಕಾದ ಕ್ಯಾನ್ಸರ್ ಔಷಧ ವಿನ್‌ಕ್ರಿಸ್ಟಿನ್ ಅನ್ನು ಹದಿಹರೆಯದ ರೋಗಿಯೊಬ್ಬನ ಬೆನ್ನುಹುರಿಯ ದ್ರವಕ್ಕೆ ಚುಚ್ಚಲಾಯಿತು. ಅವನು ಬದುಕುಳಿಯಲಿಲ್ಲ. ವೈದ್ಯರೊಬ್ಬರು ಜೈಲಿಗೂ ಹೋದರು. ಆದರೆ ಬ್ರಿಟನ್ನಿನಲ್ಲಿ ಇದೇ ತಪ್ಪು ಮೊದಲೂ ಹಲವು ಬಾರಿ, ಬೇರೆ ಬೇರೆ ಕೈಗಳಿಂದ ನಡೆದಿತ್ತು!

ಮೂಲ ಕಾರಣ ಹುಡುಕಿದ ತನಿಖೆ ಔಷಧಾಲಯದವರೆಗೂ ಹೋಯಿತು. ಬೆನ್ನಿಗೆ ಕೊಡುವ ಔಷಧ ಮತ್ತು ವಿನ್‌ಕ್ರಿಸ್ಟಿನ್ ಎರಡೂ ಒಟ್ಟಿಗೇ ವಾರ್ಡಿಗೆ ತಲುಪಿದ್ದವು. ಎರಡೂ ಸಿರಿಂಜ್‌ನಲ್ಲಿದ್ದವು, ಎರಡೂ ಅದೇ ಸೂಜಿಗೆ ಕೂಡಿಕೊಳ್ಳುತ್ತಿದ್ದವು. ವಾರ್ಡಿನ ಅನುಕೂಲಕ್ಕಾಗಿ ಇಂಥ ರೂಢಿಗಳು ಸದ್ದಿಲ್ಲದೆ ಬೆಳೆಯುತ್ತವೆ. ಅದನ್ನು ಬಲ್ಲವರು ಔಷಧ ತಯಾರಿಸುವವರು ಮತ್ತು ಒಯ್ಯುವವರು. ಕೆಲಸ ಹೋಗುವ ಭಯವಿದ್ದರೆ ಅವರು ಬಾಯಿ ಬಿಡುತ್ತಾರೆಯೇ? ಕೂದಲೆಳೆಯಲ್ಲಿ ತಪ್ಪಿದ ಅನಾಹುತಗಳನ್ನೂ ವರದಿ ಮಾಡಿಸಬೇಕಾದದ್ದು ಇದಕ್ಕಾಗಿಯೇ.

“ಎಚ್ಚರಿಕೆಯಿಂದಿರಿ” ಎಂಬ ಸುತ್ತೋಲೆ, ಇನ್ನೊಂದು ತರಬೇತಿ, ಇವು ಬೇಗ ಮಾಸಿಹೋಗುವ ಪರಿಹಾರಗಳು. ಬಾಳಿಕೆ ಬರುವ ಪರಿಹಾರ ಬೇರೆಯದು: ವಯಸ್ಕರಿಗೆ ವಿನ್‌ಕ್ರಿಸ್ಟಿನ್ ಅನ್ನು ಸಿರಿಂಜ್ ಬದಲು ಸಣ್ಣ ದ್ರಾವಣದ ಚೀಲದಲ್ಲಿ, ಸಾಮಾನ್ಯವಾಗಿ 50 ಮಿಲಿಲೀಟರ್‌ಗೆ ಬೆರೆಸಿ, ಕಳುಹಿಸುವುದು. ಆ ಚೀಲವನ್ನು ಹಿಡಿದು ಯಾರೂ ಬೆನ್ನಿಗೆ ಚುಚ್ಚಲು ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2007ರಲ್ಲಿ ಇದನ್ನೇ ಸೂಚಿಸಿತು. ನಂತರ ಬೆನ್ನಿನ ಸೂಜಿಗೆ ಸಾಮಾನ್ಯ ಸಿರಿಂಜ್ ಕೂಡದಂಥ ಪ್ರತ್ಯೇಕ ಜೋಡಣೆಯೂ ಬಂತು.

ಚೀಲಕ್ಕೆ ಒಂದು ಆಕ್ಷೇಪವಿದೆ. ನಿಧಾನವಾಗಿ ಹರಿಯುವಾಗ ಔಷಧ ನಾಳದಿಂದ ಸೋರಿ ಸುತ್ತಲಿನ ಅಂಗಾಂಶವನ್ನು ಸುಡಬಹುದು. ಹಾಗಾಗಿ ಐದರಿಂದ ಹತ್ತು ನಿಮಿಷದಲ್ಲಿ ಮುಗಿಸಿ, ಅಷ್ಟು ಹೊತ್ತೂ ದಾದಿ ಪಕ್ಕದಲ್ಲೇ ನಿಂತು ನೋಡಬೇಕು.